ಗೋದಾಮಿನಲ್ಲಿ ಕುಳಿತ ಬಾಡಿಗೆ

ಮಿಕ್ಸಿ ಜಾರ್ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಒಂದು ಜಾರಿಗೆ ಸ್ಟೀಲು, ಬ್ಲೇಡು, ಕೂಲಿ ಎಲ್ಲ ಸೇರಿ 110 ರೂಪಾಯಿ ತಗಲುತ್ತದೆ. ಮಾರುವ ಬೆಲೆ 180. ಶೆಡ್ಡಿನ ಬಾಡಿಗೆ, ಸೂಪರ್‌ವೈಸರ್ ಸಂಬಳ, ಯಂತ್ರದ ಸವಕಳಿ ಸೇರಿದ ಸ್ಥಿರ ಉತ್ಪಾದನಾ ವೆಚ್ಚ ತಿಂಗಳಿಗೆ 4 ಲಕ್ಷ. ಕಚೇರಿ ಖರ್ಚು 60 ಸಾವಿರ.

ಮೊದಲ ತಿಂಗಳು 10,000 ಜಾರ್ ತಯಾರಾಗಿ 8,000 ಮಾರಾಟವಾದವು. ಆ ತಿಂಗಳ ಲಾಭವೆಷ್ಟು ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ, ಎರಡೂ ಸರಿಯೇ.

ವೇರಿಯಬಲ್ ಕಾಸ್ಟಿಂಗ್ ಪ್ರಕಾರ ಜಾರಿಗೆ 70 ರೂಪಾಯಿಯಂತೆ 5,60,000 ಉಳಿಯುತ್ತದೆ. ಅದರಲ್ಲಿ ಸ್ಥಿರ ವೆಚ್ಚ, ಕಚೇರಿ ಖರ್ಚು ಪೂರ್ತಿ ಕಳೆದರೆ ಲಾಭ 1,00,000. ಅಬ್ಸಾರ್ಪ್ಷನ್ ಕಾಸ್ಟಿಂಗ್ ಆ 4 ಲಕ್ಷವನ್ನು ತಯಾರಾದ ಜಾರುಗಳಿಗೆಲ್ಲ ಹಂಚಿ, ತಲಾ 40 ರೂಪಾಯಿ ಹೊರಿಸುತ್ತದೆ. ಆಗ ಒಂದು ಜಾರಿನ ವೆಚ್ಚ 150. ಮಾರಿದ 8,000ಕ್ಕೆ 30 ರೂಪಾಯಿಯಂತೆ 2,40,000 ಸಿಕ್ಕಿ, ಕಚೇರಿ ಖರ್ಚು ಕಳೆದ ಮೇಲೆ ಲಾಭ 1,80,000.

ಮಧ್ಯದ 80,000 ಎಲ್ಲಿಂದ ಬಂತು? ಮಾರದೆ ಉಳಿದ 2,000 ಜಾರುಗಳು ತಲಾ 40 ರೂಪಾಯಿ ಬಾಡಿಗೆ, ಸಂಬಳವನ್ನು ಹೊತ್ತು ಗೋದಾಮಿನಲ್ಲಿ ಕುಳಿತಿವೆ. ಖರ್ಚಾದ ಹಣವೇ, ಆದರೆ ಲೆಕ್ಕದಲ್ಲಿ ಇನ್ನೂ ಆಸ್ತಿ. ತಾಳೆ ನೋಡುವ ಸೂತ್ರ ಇಷ್ಟೇ: ಕೊನೆಯ ದಾಸ್ತಾನಿನಲ್ಲಿರುವ ಸ್ಥಿರ ಉತ್ಪಾದನಾ ವೆಚ್ಚದಿಂದ ಆರಂಭದ ದಾಸ್ತಾನಿನಲ್ಲಿದ್ದದ್ದನ್ನು ಕಳೆಯಿರಿ. ಉಳಿದದ್ದನ್ನು ವೇರಿಯಬಲ್ ಲಾಭಕ್ಕೆ ಸೇರಿಸಿದರೆ ಅಬ್ಸಾರ್ಪ್ಷನ್ ಲಾಭ ಬರುತ್ತದೆ. ಕಚೇರಿ ಖರ್ಚು ಯಾವ ಪದ್ಧತಿಯಲ್ಲೂ ದಾಸ್ತಾನಿಗೆ ಸೇರುವುದಿಲ್ಲ, ಹಾಗಾಗಿ ಅದರ ಗೊಡವೆ ಇಲ್ಲಿಲ್ಲ.

ಎರಡನೇ ತಿಂಗಳ ಕಥೆ ಇನ್ನೂ ಸ್ವಾರಸ್ಯದ್ದು. 8,000 ತಯಾರಿಸಿ, ಹಳೆಯ 2,000 ಸೇರಿಸಿ, 10,000 ಜಾರನ್ನೂ ಮಾರಿದರು. ವೇರಿಯಬಲ್ ಲಾಭ 2,40,000ಕ್ಕೆ ಏರಿತು. ಅಬ್ಸಾರ್ಪ್ಷನ್ ಲಾಭ ಮಾತ್ರ 1,60,000. ಮಾರಾಟ ಹೆಚ್ಚಿದರೂ ಹಿಂದಿನ ತಿಂಗಳಿಗಿಂತ ಲಾಭ ಕಮ್ಮಿ! ಗೋದಾಮಿನಲ್ಲಿ ಕುಳಿತಿದ್ದ 80,000 ಈಗ ಮಾರಾಟದ ಜೊತೆ ಖರ್ಚಿಗೆ ಬಿತ್ತು. ಕೊನೆಯ ದಾಸ್ತಾನು ಸೊನ್ನೆ, ಆರಂಭದ್ದು 80,000. ಹಾಗಾಗಿ ವ್ಯತ್ಯಾಸ ಕಳೆಯುವ ಕಡೆಗೆ ತಿರುಗಿತು. ಎರಡೂ ತಿಂಗಳು ಕೂಡಿಸಿದರೆ ಎರಡೂ ಪದ್ಧತಿಗೆ ಒಂದೇ ಮೊತ್ತ, 3,40,000.

ಎಡವುವುದು ದರದಲ್ಲಿ. ಎರಡನೇ ತಿಂಗಳು 4 ಲಕ್ಷವನ್ನು 8,000 ಜಾರಿಗೆ ಹಂಚಿದ್ದರಿಂದ ತಲಾ 50 ರೂಪಾಯಿ ಆಯಿತು. ಕಡಿಮೆಯಾದ 2,000 ಜಾರನ್ನು ಈ 50ರಿಂದ ಗುಣಿಸಿದರೆ 1,00,000 ಬಂದು, ತಾಳೆಯಲ್ಲಿ 20,000 ತಪ್ಪುತ್ತದೆ. ಹಳೆಯ ಜಾರು ಹೊತ್ತಿದ್ದು ಹಿಂದಿನ ತಿಂಗಳ 40ನ್ನು. ಇದೇ ಕಾರಣಕ್ಕೆ, ದಾಸ್ತಾನಿನ ಎಣಿಕೆ ಬದಲಾಗದೆ ದರವಷ್ಟೇ ಬದಲಾದರೂ ಲಾಭ ಬೇರೆಯಾಗಬಹುದು.

ಭಾರತದ ಲೆಕ್ಕಪತ್ರ ಮಾನದಂಡ ಎಎಸ್-2 ದಾಸ್ತಾನಿಗೆ ಅಬ್ಸಾರ್ಪ್ಷನ್ ಪದ್ಧತಿಯನ್ನೇ ಕೇಳುತ್ತದೆ. ಆದರೆ ಹಂಚಿಕೆ ಮಾಮೂಲಿ ಉತ್ಪಾದನಾ ಸಾಮರ್ಥ್ಯದ ಮೇಲಿರಬೇಕು. ಕೆಲಸ ಕುಂಟಿದ ತಿಂಗಳು ಹಂಚದೆ ಉಳಿದ ಬಾಡಿಗೆಯನ್ನು ಜಾರಿನ ತಲೆಗೆ ಕಟ್ಟದೆ, ನೇರ ಖರ್ಚಿಗೇ ಹಾಕಬೇಕು. ಮಾಮೂಲಿ ಮಿತಿಯೊಳಗೆ ಬೇಕೆಂದೇ ಹೆಚ್ಚು ತಯಾರಿಸಿ ಗೋದಾಮು ತುಂಬಿಸಿದರೆ ಮಾತ್ರ ಈ ನಿಯಮ ಅದನ್ನು ತಡೆಯುವುದಿಲ್ಲ.