ರೆಕ್ಕೆಯ ತುದಿ ತೆಗೆಯಲು ಹೋಗಿ ನಾಲ್ವರು ಗೆಳೆಯರನ್ನು ಕತ್ತರಿಸಿದ ಕಥೆ

ನಮ್ಮ ಕಾಲೇಜಿನ ಎಲ್ಲ ವಿದ್ಯಾರ್ಥಿಗಳ ಗ್ರೂಪ್ ಫೋಟೋ ಈ ಸಲ ಡ್ರೋನ್‌ನಿಂದ ತೆಗೆದದ್ದು ನಿಮಗೆ ನೆನಪಿರಬಹುದು. ಮೈದಾನದಲ್ಲಿ ಆರು ಸಾಲು, ಒಂದೊಂದು ಸಾಲಿನಲ್ಲಿ ಐವತ್ತಕ್ಕೂ ಹೆಚ್ಚು ಜನ. ಮದುವೆಗಳಿಗೆ ಫೋಟೋ ತೆಗೆಯುವ ನನ್ನ ಮಾಮೂ ಅವರ ಮಗ, ನಾನು ಭಾಯಿ ಎಂದು ಕರೆಯುವವರು, ತಮ್ಮ ಡ್ರೋನ್ ತಂದಿದ್ದರು. ಫೋಟೋ ಚೆನ್ನಾಗಿಯೇ ಬಂತು. ಆದರೆ ಮೇಲಿನ ಎರಡೂ ಮೂಲೆಗಳಲ್ಲಿ ಪ್ರೊಪೆಲ್ಲರ್‌ನ ತುದಿಗಳು ಮಸುಕಾಗಿ ಕಾಣುತ್ತಿದ್ದವು. "ಅಷ್ಟು ತಾನೇ, ನಾನೇ ಕ್ರಾಪ್ ಮಾಡುತ್ತೇನೆ ಭಾಯಿ" ಎಂದು ನಾನು ಫೈಲ್ ತೆಗೆದುಕೊಂಡೆ. ಮಾಡಿದೆ, ಪ್ರಿಂಟ್ ಹಾಕಿಸಿದೆ. ಮರುದಿನ ಒಬ್ಬ ಗೆಳೆಯ ಫೋಟೋದ ಮುಂದೆ ತುಂಬಾ ಹೊತ್ತು ನಿಂತು, "ಅವತ್ತು ನಾನು ಬಂದಿದ್ದೆನಲ್ಲ, ಎಲ್ಲಿದ್ದೇನೆ?" ಎಂದು ಕೇಳಿದ. ಅವನು ಎರಡನೇ ಸಾಲಿನ ಬಲತುದಿಯಲ್ಲಿ ನಿಂತಿದ್ದ. ಅವನೂ ಅವನ ಪಕ್ಕದವನೂ ಫೋಟೋದಲ್ಲಿ ಇರಲಿಲ್ಲ. ಎಡತುದಿಯಲ್ಲೂ ಇಬ್ಬರು ಕಾಣೆ.

ನಾನು ತೆಗೆದದ್ದು ಮೇಲಿನ ಅಂಚನ್ನು. ಪಕ್ಕದವರು ಹೇಗೆ ಹೋದರು? ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಸಂಜೆ ಹಿಡಿಯಿತು.

ಮೊದಲು ರೆಕ್ಕೆ ಫೋಟೋದೊಳಗೆ ಯಾಕೆ ಬಂತು ಎಂಬುದು. ಅವತ್ತು ಗಾಳಿ ಜೋರಾಗಿತ್ತು, ಅದೂ ಎದುರಿನಿಂದ. ಎದುರುಗಾಳಿಯಲ್ಲಿ ಒಂದೇ ಕಡೆ ನಿಲ್ಲಬೇಕಾದರೆ ಡ್ರೋನ್ ಮುಂದಕ್ಕೆ ಬಾಗಬೇಕು. ಕ್ಯಾಮೆರಾವನ್ನು ಹಿಡಿದಿರುವ ಗಿಂಬಲ್ ಮಾತ್ರ ಕ್ಯಾಮೆರಾ ಬಾಗದಂತೆ ನೇರವಾಗಿ ಇಡುತ್ತದೆ. ಹೀಗೆ ದೇಹ ಮುಂದಕ್ಕೆ ಬಾಗಿ, ಕ್ಯಾಮೆರಾ ನೇರವಾಗಿಯೇ ಉಳಿದಾಗ ಮುಂದಿನ ಎರಡು ರೆಕ್ಕೆಗಳು ಲೆನ್ಸ್‌ನ ಮುಂದೆ ಇಳಿದು ಮೇಲಿನ ಮೂಲೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಡ್ರೋನ್ ವೇಗವಾಗಿ ಮುಂದೆ ಹೋಗುವಾಗಲೂ ಇದೇ ಆಗುತ್ತದೆ.

ನೆರಳಿನ ಕಾರಣ ಬೇರೆ. ಸೂರ್ಯ ಎದುರಿಗೆ ಮೇಲಿದ್ದರೆ ತಿರುಗುವ ರೆಕ್ಕೆಯ ನೆರಳು ಲೆನ್ಸ್ ಮೇಲೆ ಬೀಳುತ್ತದೆ. ಅದು ಫೋಟೋದಲ್ಲಿ ಒಂದು ಕಪ್ಪು ಅಥವಾ ಮಬ್ಬು ಪಟ್ಟಿಯಾಗಿ ಬರುತ್ತದೆ. ಅದು ನೆರಳೋ ಅಥವಾ ನಿಜವಾಗಿ ಅಲ್ಲೇ ಇರುವ ತಂತಿಯೋ ಎಂದು ತಿಳಿಯಲು ಒಂದರ ಹಿಂದೆ ಒಂದು ತೆಗೆದ ಎರಡು ಫೋಟೋಗಳನ್ನು ಹೋಲಿಸಿ ನೋಡಬೇಕು. ತಂತಿ ಎರಡರಲ್ಲೂ ಒಂದೇ ಜಾಗದಲ್ಲಿರುತ್ತದೆ, ರೆಕ್ಕೆ ಮತ್ತು ನೆರಳು ಜಾಗ ಬದಲಿಸುತ್ತವೆ. ಪಟ್ಟಿ ಅಂಚಿನಲ್ಲಿದ್ದರೆ ಕ್ರಾಪ್ ಮಾಡಬಹುದು. ಫೋಟೋದ ನಡುವಿನವರೆಗೂ ಚಾಚಿದ್ದರೆ ಕ್ರಾಪ್‌ನಿಂದ ಪ್ರಯೋಜನವಿಲ್ಲ, ಬೇರೆ ಫೋಟೋ ಆರಿಸಬೇಕು.

ಈಗ ನನ್ನ ತಪ್ಪಿಗೆ ಬರೋಣ. ಭಾಯಿಯ ಫೋಟೋ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ರೆಕ್ಕೆ ಮೇಲಿನಿಂದ ಸುಮಾರು 190 ಪಿಕ್ಸೆಲ್‌ವರೆಗೆ ಎದ್ದು ಕಾಣುತ್ತಿತ್ತು. ದೊಡ್ಡದು ಮಾಡಿ ನೋಡಿದರೆ ಅದರ ಮಸುಕು 225ರವರೆಗೂ ಇತ್ತು. ಆದ್ದರಿಂದ 240 ಪಿಕ್ಸೆಲ್ ತೆಗೆಯಲು ನಿರ್ಧರಿಸಿದೆ. ಇಲ್ಲಿಯವರೆಗೆ ಸರಿ. ಆದರೆ ಕ್ರಾಪ್ ಮಾಡುವಾಗ ಮೊಬೈಲಿನಲ್ಲಿ ಅನುಪಾತ ಮೂಲ ಫೋಟೋದಂತೆಯೇ 4:3 ಎಂದು ಲಾಕ್ ಆಗಿತ್ತು. ಎತ್ತರ 3000ದಿಂದ 2760ಕ್ಕೆ ಇಳಿದಾಗ ಅಗಲವೂ ತಾನಾಗಿ 4000ದಿಂದ 3680ಕ್ಕೆ ಇಳಿಯಿತು. ಎರಡೂ ಪಕ್ಕದಿಂದ 160 ಪಿಕ್ಸೆಲ್ ಹೋಯಿತು. ನಾನು ಮೇಲಿನ ಮೂಲೆಗಳನ್ನೇ ನೋಡುತ್ತಿದ್ದೆ, ಪಕ್ಕವನ್ನು ನೋಡಲೇ ಇಲ್ಲ.

160 ಪಿಕ್ಸೆಲ್ ಎಂದರೆ ನೆಲದ ಮೇಲೆ ಎಷ್ಟು? ಆ ಕ್ಯಾಮೆರಾದ ಲೆನ್ಸ್ 35 ಮಿಮೀ ಫಿಲ್ಮ್ ಲೆಕ್ಕದಲ್ಲಿ 24 ಮಿಮೀಗೆ ಸಮ. ಅಂಥ 4:3 ಫೋಟೋದಲ್ಲಿ ಕಾಣುವ ಅಗಲ, ದೂರದ ಸುಮಾರು 1.44 ಪಟ್ಟು. ಡ್ರೋನ್ ನಮ್ಮಿಂದ 20 ಮೀಟರ್ ದೂರದಲ್ಲಿತ್ತು, ಹಾಗಾಗಿ 28.8 ಮೀಟರ್ ಅಗಲ ಕಾಣುತ್ತಿತ್ತು. ಕ್ರಾಪ್ ಆದ ಮೇಲೆ ಉಳಿದದ್ದು 26.5 ಮೀಟರ್. ಒಂದೊಂದು ಪಕ್ಕದಲ್ಲಿ ಸುಮಾರು 1.15 ಮೀಟರ್ ನಷ್ಟ. ಸಾಲಿನಲ್ಲಿ ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ ಎಂದರೆ ಅದು ಸರಿಯಾಗಿ ಇಬ್ಬರು.

ಇದನ್ನೇ ನೋಟದ ವ್ಯಾಪ್ತಿ ಕಿರಿದಾಗುವುದು ಎನ್ನುತ್ತಾರೆ. ಅಡ್ಡಲಾಗಿ ಸುಮಾರು 72 ಡಿಗ್ರಿ ನೋಡುತ್ತಿದ್ದ ಕ್ಯಾಮೆರಾ ಈಗ 67 ಡಿಗ್ರಿ ಮಾತ್ರ ನೋಡಿದಂತಾಯಿತು. 26 ಮಿಮೀ ಲೆನ್ಸ್‌ನಲ್ಲಿ ತೆಗೆದಿದ್ದರೂ ಇಷ್ಟೇ ಬರುತ್ತಿತ್ತು. ನಮ್ಮ ಕಾಮರ್ಸ್‌ನವರಿಗೆ ಇನ್ನೊಂದು ಲೆಕ್ಕ ಬೇಗ ಅರ್ಥವಾಗುತ್ತದೆ. ಎತ್ತರದಲ್ಲಿ ಶೇ. 8, ಅಗಲದಲ್ಲಿ ಶೇ. 8. ಇದು ರಿಯಾಯಿತಿಯ ಮೇಲೆ ರಿಯಾಯಿತಿ ಕೊಟ್ಟ ಹಾಗೆ. 100ರಲ್ಲಿ 92 ಉಳಿದು, ಅದರಲ್ಲಿ ಮತ್ತೆ ಶೇ. 92 ಉಳಿದರೆ ಕೈಗೆ ಬರುವುದು 84.64. ರೆಕ್ಕೆಯ ಸಣ್ಣ ತುದಿಗಾಗಿ ಫೋಟೋದ ಶೇ. 15ರಷ್ಟನ್ನು ಕೊಟ್ಟುಬಿಟ್ಟಿದ್ದೆ.

ಹಾಗಾದರೆ ಏನು ಮಾಡಬೇಕಿತ್ತು? ಫೋಟೋ ತೋರಿಸಿದಾಗ ಭಾಯಿ ಮೊದಲು ಕೇಳಿದ್ದು, "ಫ್ರೇಮ್ ಸೈಜ್ ಎಷ್ಟು?" ಎಂದು. ನಮ್ಮ ಫ್ರೇಮ್ 18×12 ಇಂಚು, ಅಂದರೆ 3:2. ಡ್ರೋನ್ ಫೋಟೋ 4:3. ಪೂರ್ತಿ 4000 ಪಿಕ್ಸೆಲ್ ಅಗಲವನ್ನು 3:2ಕ್ಕೆ ಹೊಂದಿಸಿದರೆ ಎತ್ತರ 2667 ಮಾತ್ರ ಬೇಕು. ಅಂದರೆ ಫ್ರೇಮಿಗಾಗಿ ಹೇಗೂ 333 ಪಿಕ್ಸೆಲ್ ಎತ್ತರ ಹೋಗಲೇಬೇಕು. ಆ 333ನ್ನೂ ಮೇಲಿನಿಂದಲೇ ತೆಗೆದರೆ 240ರೊಳಗಿರುವ ರೆಕ್ಕೆ ಅದರಲ್ಲೇ ಹೋಗುತ್ತದೆ. ಪಕ್ಕದಿಂದ ಒಂದು ಪಿಕ್ಸೆಲ್ಲೂ ಹೋಗುವುದಿಲ್ಲ. ನಮ್ಮ ಫೋಟೋದಲ್ಲಿ ಮೇಲೆ ಇದ್ದದ್ದು ಬರೀ ಆಕಾಶ, ಆದ್ದರಿಂದ ನಷ್ಟವೇ ಇಲ್ಲ. ನಾನು ಮಾಡಿದ 4:3 ಫೋಟೋವನ್ನು ಅಂಗಡಿಯವರು 3:2ಕ್ಕೆ ಹೊಂದಿಸಲು ಎತ್ತರದಲ್ಲಿ ಮತ್ತೊಮ್ಮೆ ಕತ್ತರಿಸಿದ್ದರು. ಒಂದೇ ಫೋಟೋಗೆ ಎರಡು ಸಲ ಕತ್ತರಿ.

ಎಲ್ಲ ಫೋಟೋದಲ್ಲೂ ಹೀಗೆ ಉಳಿಸಿಕೊಳ್ಳಲು ಆಗುವುದಿಲ್ಲ. ಮೇಲಿನ ಅಂಚಿನಲ್ಲಿ ಧ್ವಜವೋ ಮಿನಾರಿನ ತುದಿಯೋ ಇದ್ದರೆ ಮೇಲಿನಿಂದ ಕತ್ತರಿಸುವಂತಿಲ್ಲ. ಫ್ರೇಮ್ 4:3 ಆಕಾರದ್ದೇ ಆಗಿದ್ದರೆ ಪಕ್ಕವೂ ಹೋಗಲೇಬೇಕು. ಅದಕ್ಕೆ ಫೋಟೋ ತೆಗೆಯುವಾಗಲೇ ಅಂಚು ಬಿಟ್ಟುಕೊಳ್ಳಬೇಕು. 20 ಮೀಟರ್ ಬದಲು 22 ಮೀಟರ್ ದೂರದಿಂದ ತೆಗೆದಿದ್ದರೆ, ನನ್ನ ಕೆಟ್ಟ ಕ್ರಾಪ್ ಆದ ಮೇಲೂ 29 ಮೀಟರ್ ಅಗಲ ಉಳಿಯುತ್ತಿತ್ತು. ಮುಖಗಳು ಸ್ವಲ್ಪ ಚಿಕ್ಕದಾಗುತ್ತಿದ್ದವು, ಆದರೆ ಎಲ್ಲರೂ ಇರುತ್ತಿದ್ದರು.

ರೆಕ್ಕೆಯೇ ಬಾರದಂತೆ ಮಾಡಲೂ ದಾರಿಯಿದೆ. ಗಾಳಿ ಡ್ರೋನಿನ ಹಿಂದಿನಿಂದ ಬರುವಂತೆ ನಿಲ್ಲಿಸಿದರೆ ಅದು ಹಿಂದಕ್ಕೆ ಬಾಗಿ, ಮುಂದಿನ ರೆಕ್ಕೆಗಳು ಮೇಲೇರುತ್ತವೆ. ಅದು ಆಗದಿದ್ದರೆ ಕ್ಯಾಮೆರಾವನ್ನು ಕೆಲವು ಡಿಗ್ರಿ ಕೆಳಗೆ ತಿರುಗಿಸಬಹುದು. ಫೋಟೋ ತೆಗೆದ ಕೂಡಲೇ, ಸಾಲು ಚದುರುವ ಮೊದಲೇ ಮೇಲಿನ ಮೂಲೆಗಳನ್ನು ದೊಡ್ಡದು ಮಾಡಿ ನೋಡಬೇಕು.

ಅದೃಷ್ಟಕ್ಕೆ ನಾನು ಕ್ರಾಪ್ ಮಾಡಿದ್ದು ನಕಲನ್ನು, ಮೂಲ ಫೈಲ್ ಭಾಯಿಯ ಬಳಿ ಹಾಗೇ ಇತ್ತು. ಅನುಪಾತ 3:2 ಮಾಡಿ, ಕೆಳಗಿನ ಎರಡು ಮೂಲೆಗಳನ್ನು ಹಾಗೇ ಬಿಟ್ಟು, ಮೇಲಿನಿಂದ ಮಾತ್ರ ಕತ್ತರಿಸಿದೆ. ಈ ಸಲ ಪ್ರಿಂಟ್‌ಗೆ ಕೊಡುವ ಮೊದಲು ಪ್ರತಿ ಸಾಲಿನ ಎರಡೂ ತುದಿಯವರನ್ನು ಮೂಲ ಫೋಟೋ ಜೊತೆ ಹೋಲಿಸಿ ಎಣಿಸಿದೆ. ಈಗ ಆಫೀಸಿನ ಪಕ್ಕದ ಗೋಡೆಯಲ್ಲಿರುವುದು ಆ ಎರಡನೇ ಪ್ರಿಂಟ್. ಎರಡನೇ ಸಾಲಿನ ಬಲತುದಿ ನೋಡಿ, ನನ್ನ ಗೆಳೆಯ ಅಲ್ಲಿ ನಗುತ್ತಾ ನಿಂತಿದ್ದಾನೆ.