ರೆಕಾರ್ಡಿಂಗ್‌ನಲ್ಲಿ ಉಳಿದುಹೋದ ಮೌಸ್ ಬಾಣ

ಕಂಪ್ಯೂಟರ್ ಪಾಠದ ವಿಡಿಯೊ ಎಡಿಟ್ ಮಾಡಲು ಕೂತಾಗ ಎರಡು ವಸ್ತುಗಳು ಕಣ್ಣಿಗೆ ಚುಚ್ಚುತ್ತವೆ. ಒಂದು, ತೆರೆಯ ಕೆಳಗಿನ ಟಾಸ್ಕ್‌ಬಾರ್. ಇನ್ನೊಂದು, ವಿವರಣೆ ಸಾಗುತ್ತಿರುವಾಗ ಅಕ್ಷರಗಳ ಮೇಲೇ ನಿಂತುಬಿಟ್ಟ ಮೌಸ್ ಬಾಣ. ಟಾಸ್ಕ್‌ಬಾರ್ ಇದ್ದರೇನು ತೊಂದರೆ ಎನ್ನಬಹುದು. ಅದರ ಮೂಲೆಯ ಗಡಿಯಾರವನ್ನು ನೋಡಿ: ನಡುವಿನ ತಪ್ಪುಗಳನ್ನು ಕತ್ತರಿಸಿ ಜೋಡಿಸಿದ ವಿಡಿಯೊದಲ್ಲಿ 11:42 ಇದ್ದದ್ದು ಮರುಕ್ಷಣವೇ 11:55 ಆಗುತ್ತದೆ. ನೋಡುವವರ ಗಮನ ಪಾಠ ಬಿಟ್ಟು ಅತ್ತ ಹೋಗುತ್ತದೆ.

ಟಾಸ್ಕ್‌ಬಾರ್ ಇರುವುದು ಒಂದೇ ಜಾಗದಲ್ಲಿ, ಹಾಗಾಗಿ ಅದರ ಕೆಲಸ ಬೇಗ ಮುಗಿಯುತ್ತದೆ. 1920×1080 ಅಳತೆಯ ತೆರೆಯಲ್ಲಿ ವಿಂಡೋಸ್ 11ರ ಟಾಸ್ಕ್‌ಬಾರ್ ಸಾಮಾನ್ಯವಾಗಿ 48 ಪಿಕ್ಸೆಲ್ ಎತ್ತರವಿರುತ್ತದೆ. ಅಕ್ಷರದ ಗಾತ್ರ ಹಿಗ್ಗಿಸಲು ಡಿಸ್‌ಪ್ಲೇ ಸ್ಕೇಲ್ 125% ಇಟ್ಟಿದ್ದರೆ 60. 48 ಪಿಕ್ಸೆಲ್ ಕ್ರಾಪ್ ಮಾಡಿದರೆ 1032 ಪಿಕ್ಸೆಲ್ ಎತ್ತರ ಉಳಿಯುತ್ತದೆ. ಹೆಚ್ಚಿನವರು ಆಗ ಉಳಿದ ಚಿತ್ರವನ್ನು ಎಳೆದು ತೆರೆ ತುಂಬಿಸುತ್ತಾರೆ. ಅದು ಬೇಡ. ಆಕಾರ ಕೆಡದಂತೆ ಹಿಗ್ಗಿಸಿದರೆ ಪಕ್ಕಗಳಿಂದ ಒಟ್ಟು ಸುಮಾರು 85 ಪಿಕ್ಸೆಲ್ ಕಳೆದುಹೋಗುತ್ತದೆ, ಮೇಲಾಗಿ ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ. ಹಿಗ್ಗಿಸದೆ, ಮೇಲೆ 24 ಮತ್ತು ಕೆಳಗೆ 24 ಪಿಕ್ಸೆಲ್‌ನ ಬಣ್ಣದ ಪಟ್ಟಿ ಬಿಟ್ಟರೆ ಒಂದು ಅಕ್ಷರವೂ ಕೆಡುವುದಿಲ್ಲ.

ಬಾಣದ ವಿಷಯ ಬೇರೆ. ಕಂಪ್ಯೂಟರ್ ಸಾಮಾನ್ಯವಾಗಿ ಅದನ್ನು ತೆರೆಯ ಚಿತ್ರದೊಳಗೆ ಬರೆಯುವುದಿಲ್ಲ, ಪ್ರತ್ಯೇಕವಾಗಿ ಮೇಲೆ ತೇಲಿಸುತ್ತದೆ. ಎರಡನ್ನೂ ಬೆರೆಸುವುದು ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ಒಮ್ಮೆ ಬೆರೆತು ಎಂಪಿ4 ಫೈಲ್ ಆದಮೇಲೆ ಬಾಣದ ಅಡಿ ಏನಿತ್ತು ಎಂಬುದು ಆ ಫ್ರೇಮ್‌ನಲ್ಲಿ ಇರುವುದೇ ಇಲ್ಲ. ಆದರೆ ತೆರೆಯ ರೆಕಾರ್ಡಿಂಗ್‌ಗೆ ಒಂದು ಅನುಕೂಲವಿದೆ: ಕ್ಯಾಮೆರಾ ದೃಶ್ಯದಂತೆ ಅದು ಅಲುಗಾಡುವುದಿಲ್ಲ. ಈ ಫ್ರೇಮ್‌ನಲ್ಲಿ ಮುಚ್ಚಿಹೋದ ಜಾಗ ಮೂರು ಸೆಕೆಂಡ್ ಹಿಂದೆ ತೆರೆದಿದ್ದಿರಬಹುದು. ಅಲ್ಲಿಂದ ತಂದು ತೇಪೆ ಹಾಕಬೇಕು.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಅಂಕಪಟ್ಟಿ ಕೂಡಿಸುವ ಪಾಠ ಎಂದುಕೊಳ್ಳಿ. 1 ನಿಮಿಷ 12ನೇ ಸೆಕೆಂಡಿಗೆ ಬಾಣ D7 ಕೋಶದ ಮೇಲೆ ಬಂದು ನಿಂತಿದೆ, 1:20ರವರೆಗೆ ಕದಲುವುದಿಲ್ಲ. ಮೊದಲು, ಆ ಕೋಶ ಸ್ವಚ್ಛವಾಗಿ ಕಾಣುವ ಫ್ರೇಮ್ ಹುಡುಕಬೇಕು. 1:22ರಲ್ಲಿ ಬಾಣ ಆಚೆ ಸರಿದಿರುತ್ತದೆ ನಿಜ, ಆದರೆ ಅಷ್ಟರಲ್ಲಿ ಕೋಶಕ್ಕೆ ಮೊತ್ತ ಬಂದುಬಿಟ್ಟಿದೆ. ಆ ಫ್ರೇಮ್ ಬಳಸಿದರೆ ಲೆಕ್ಕ ಮಾಡುವ ಮೊದಲೇ ಉತ್ತರ ಕಾಣಿಸುತ್ತದೆ! ಹಾಗಾಗಿ ಹಿಂದಕ್ಕೆ ಹೋಗಿ 1:09ರ ಫ್ರೇಮ್ ತೆಗೆದುಕೊಳ್ಳಬೇಕು. ಎಡಿಟರ್‌ನಲ್ಲೇ ಅದನ್ನು ಫ್ರೀಜ್ ಮಾಡಿ, ಮೇಲಿನ ಟ್ರ್ಯಾಕ್‌ನಲ್ಲಿ ಇಟ್ಟು, ಬಾಣ ಮುಚ್ಚುವಷ್ಟೇ ಚೌಕ, ಅಂದರೆ ಸುಮಾರು 50×50 ಪಿಕ್ಸೆಲ್ ಉಳಿಸಿ ಸುತ್ತಲಿನದನ್ನು ಕ್ರಾಪ್ ಮಾಡಬೇಕು. ಅದು 1:12ರಿಂದ 1:20ರವರೆಗೆ ಇದ್ದರೆ ಸಾಕು. ಬಾಣ ತಟ್ಟನೆ ಮಾಯವಾದರೆ ಕಣ್ಣಿಗೆ ತಡೆದಂತಾಗುತ್ತದೆ; ಎರಡೂ ತುದಿಗೆ ಐದಾರು ಫ್ರೇಮ್‌ಗಳ ಡಿಸಾಲ್ವ್ ಕೊಟ್ಟರೆ ಮೆತ್ತಗೆ ಕರಗುತ್ತದೆ.

ತೇಪೆ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ, ಶುರುವಾಗುವ ಜಾಗದಲ್ಲಿ ಒಂದೊಂದೇ ಫ್ರೇಮ್ ಮುಂದಕ್ಕೂ ಹಿಂದಕ್ಕೂ ಸರಿಸಿ ನೋಡಿ. ಚೌಕದ ಗಡಿ ಮಿನುಗಿದರೆ ಬಣ್ಣ ಹೊಂದಿಲ್ಲ. ಸ್ವಚ್ಛ ಫ್ರೇಮನ್ನು ಹೊರಗೆ ಚಿತ್ರವಾಗಿ ಉಳಿಸಿ ಮತ್ತೆ ತಂದಾಗ ಹೀಗಾಗುವುದುಂಟು, ಏಕೆಂದರೆ ವಿಡಿಯೊ ಮತ್ತು ಚಿತ್ರದ ಫೈಲ್‌ಗಳು ಬಣ್ಣವನ್ನು ಬೇರೆ ಬೇರೆ ರೀತಿಯಲ್ಲಿ ದಾಖಲಿಸುತ್ತವೆ. ಎಡಿಟರ್‌ನೊಳಗೇ ಫ್ರೀಜ್ ಮಾಡಿ ಎಂದದ್ದು ಅದಕ್ಕೇ. ಬಾಣ ಒಂದು ಬಟನ್ ಮೇಲೆ ನಿಂತಿದ್ದರಂತೂ ಬಟನ್ ಬಣ್ಣ ಬದಲಾಗಿರುತ್ತದೆ, ಪಕ್ಕದಲ್ಲಿ ಸಣ್ಣ ವಿವರಣೆ ತೆರೆದುಕೊಂಡಿರುತ್ತದೆ. ಬಾಣ ಮಾತ್ರ ಅಳಿಸಿದರೆ ಆ ಗುರುತುಗಳು ಅನಾಥವಾಗಿ ಉಳಿಯುತ್ತವೆ. ಇಡೀ ಬಟನ್ನೂ ವಿವರಣೆಯೂ ಮುಚ್ಚುವಷ್ಟು ದೊಡ್ಡ ತೇಪೆ ಬೇಕು.

ಎಲ್ಲ ಕಡೆ ಬಾಣ ಅಳಿಸಬೇಕಿಲ್ಲ, ಅಳಿಸಲೂಬಾರದು. ಯಾವ ಮೆನು ಒತ್ತಿದರು ಎಂದು ಹೊಸಬರಿಗೆ ತೋರಿಸುವುದೇ ಅದು. ಕ್ಲಿಕ್ ಮಾಡುವಾಗ ಇರಲಿ, ಮಾತಿನ ನಡುವೆ ಸುಮ್ಮನೆ ನಿಂತಾಗ ಹೋಗಲಿ.

ಪುಟ ಮೇಲೆ ಕೆಳಗೆ ಸರಿಯುತ್ತಿರುವಾಗ ಮಾತ್ರ ಈ ಉಪಾಯ ನಡೆಯುವುದಿಲ್ಲ; ಪ್ರತಿ ಫ್ರೇಮ್‌ನಲ್ಲೂ ಹಿನ್ನೆಲೆ ಬೇರೆ. ಅಂಥ ಭಾಗವನ್ನಷ್ಟೇ ಮತ್ತೆ ರೆಕಾರ್ಡ್ ಮಾಡುವುದು ಲೇಸು. ಒಬಿಎಸ್ ಬಳಸುವವರು ಡಿಸ್‌ಪ್ಲೇ ಕ್ಯಾಪ್ಚರ್‌ನ ಗುಣಲಕ್ಷಣಗಳಲ್ಲಿ Capture Cursor ಎಂಬ ಗುರುತು ತೆಗೆದರೆ ಬಾಣ ಫೈಲ್‌ಗೆ ಬರುವುದೇ ಇಲ್ಲ. ಇಡೀ ತೆರೆಯ ಬದಲು Window Capture ಆರಿಸಿಕೊಂಡರೆ ಟಾಸ್ಕ್‌ಬಾರ್ ಕೂಡ ಬರುವುದಿಲ್ಲ. ಹಳೆಯ ಧ್ವನಿಯನ್ನು ಹಾಗೇ ಉಳಿಸಿಕೊಂಡು, ಅದನ್ನು ಕೇಳುತ್ತಲೇ ಅದೇ ವೇಗದಲ್ಲಿ ಪುಟ ಸರಿಸಿ, ಹೊಸ ಚಿತ್ರವನ್ನು ಹಳೆಯದರ ಮೇಲೆ ಕೂರಿಸಿದರೆ ಆಯಿತು.