ಚಿತ್ರ 37, ವಿಡಿಯೊ 20

ನನ್ನ ತಂಗಿ ದಾವಣಗೆರೆಯಲ್ಲಿ ಮನೆಯ ಮಹಡಿಯ ಮೇಲೆ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತಾಳೆ. ಒತ್ತೊತ್ತಿ ಕೂರಿಸಿದರೆ 24 ಮಕ್ಕಳಿಗೆ ಜಾಗ. ಒಂದು ವರ್ಷ ಫೇಸ್‌ಬುಕ್‌ನಲ್ಲಿ Boost post ಗುಂಡಿ ಒತ್ತಿ 2,000 ರೂಪಾಯಿ ಕಳೆದಳು. ಲೈಕ್ ರಾಶಿ ಬಿತ್ತು, ಮೆಟ್ಟಿಲು ಹತ್ತಿ ಬಂದವರು ಯಾರೂ ಇಲ್ಲ. ಮುಂದಿನ ಮೇ ತಿಂಗಳಲ್ಲಿ ಫೋನ್ ಮಾಡಿ, "ಅಣ್ಣ, ಈಗೆಲ್ಲ ವಿಡಿಯೊ ಹಾಕಿದ್ರೇನೆ ಜನ ನೋಡೋದಂತೆ. ಹೌದಾ?" ಅಂದಳು. ಜಾಹೀರಾತಿನ ಕೆಲಸದಲ್ಲೇ ಇರುವ ನಾನು ಹೌದು ಅಂದುಬಿಡಬಹುದಿತ್ತು. ಆದರೆ ಆ ಬಡಾವಣೆಯ ಮಟ್ಟಿಗೆ ಅದು ನಿಜವೋ ಸುಳ್ಳೋ ನನಗೂ ಗೊತ್ತಿರಲಿಲ್ಲ. ಎರಡನ್ನೂ ಹಾಕಿ ನೋಡೋಣ ಅಂದೆ.

ಅವಳ ಹತ್ತಿರ ಇದ್ದದ್ದು 6,000 ರೂಪಾಯಿ. ಅದರಲ್ಲಿ 18 ಶೇಕಡಾ ಜಿಎಸ್‌ಟಿ ಕಳೆದರೆ ಜಾಹೀರಾತಿಗೆ ಸಿಗುವುದು ಸುಮಾರು 5,085. ಚಿತ್ರಕ್ಕೆ ದಿನಕ್ಕೆ 180, ವಿಡಿಯೊಗೆ ದಿನಕ್ಕೆ 180, ಹೀಗೆ ಎರಡು ವಾರ. ಇಷ್ಟು ಸಣ್ಣ ದುಡ್ಡಿನಲ್ಲಿ ಬಣ್ಣ, ಬರಹ, ಊರು, ವಯಸ್ಸು ಎಂದು ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೂ ಉತ್ತರ ಸಿಗುವುದಿಲ್ಲ. ಕೇಳಬೇಕಾದದ್ದು ಒಂದೇ ಪ್ರಶ್ನೆ.

ಹಾಗಾಗಿ ಎರಡೂ ಜಾಹೀರಾತುಗಳಲ್ಲಿ ಚಲನೆ ಮತ್ತು ದನಿ ಬಿಟ್ಟು ಉಳಿದದ್ದೆಲ್ಲ ಒಂದೇ ಇರುವಂತೆ ನೋಡಿಕೊಂಡೆವು. ತಂಗಿ ಬೋರ್ಡಿನ ಮೇಲೆ ತ್ರಿಕೋನಮಿತಿಯ ಒಂದು ಲೆಕ್ಕ ಬಿಡಿಸುವುದನ್ನು ಅವಳ ಮಗ ಫೋನ್ ನೆಟ್ಟಗೆ ಹಿಡಿದು ತೆಗೆದ. 25 ಸೆಕೆಂಡಿನ ವಿಡಿಯೊ. ಬಹಳ ಮಂದಿ ದನಿ ಮುಚ್ಚಿಯೇ ನೋಡುವುದರಿಂದ ಕೆಳಗೆ ಕನ್ನಡದಲ್ಲಿ ಬರಹ ಕೊಟ್ಟೆವು. ಅದೇ ವಿಡಿಯೊದ ಒಂದು ಚೌಕಟ್ಟನ್ನು ನಿಲ್ಲಿಸಿ, ಅದೇ ಸಾಲು ಬರೆದು ಚಿತ್ರ ಮಾಡಿದೆವು. ಬೇರೆ ಸೀರೆ, ಬೇರೆ ಬೋರ್ಡು, ಬೇರೆ ಫೀಸು ಇದ್ದಿದ್ದರೆ ಗೆದ್ದದ್ದು ವಿಡಿಯೊವೋ ಸೀರೆಯೋ ಎಂದು ಹೇಳುವವರು ಯಾರು?

ಹೊಸಬರು ಸಾಮಾನ್ಯವಾಗಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಚಿತ್ರ, ವಿಡಿಯೊ ಎರಡನ್ನೂ ಒಂದೇ ಆ್ಯಡ್ ಸೆಟ್‌ಗೆ ಹಾಕಿ ಸುಮ್ಮನಾಗುತ್ತಾರೆ. ಆಗ ಫೇಸ್‌ಬುಕ್ ದುಡ್ಡನ್ನು ಅರ್ಧರ್ಧ ಹಂಚುವುದಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಯಾವುದಕ್ಕೆ ಒಂದೆರಡು ಕ್ಲಿಕ್ ಹೆಚ್ಚು ಬಂತೋ ಅದರ ಕಡೆಗೇ ಹೆಚ್ಚಿನ ದುಡ್ಡು ತಳ್ಳುತ್ತದೆ. ವಾರದ ಕೊನೆಗೆ ಒಂದಕ್ಕೆ ಸಾವಿರ, ಇನ್ನೊಂದಕ್ಕೆ ನೂರು ಖರ್ಚಾಗಿರುತ್ತದೆ. ಅದು ಪರೀಕ್ಷೆಯಲ್ಲ, ಮೊದಲು ಓಡಿದವನಿಗೇ ಪ್ರೈಜು ಕೊಟ್ಟಂತೆ. ಆ್ಯಡ್ಸ್ ಮ್ಯಾನೇಜರ್‌ನಲ್ಲಿರುವ A/B test ಬಳಸಿದರೆ ನೋಡುಗರನ್ನೇ ಎರಡು ಪಾಲು ಮಾಡುತ್ತದೆ. ಚಿತ್ರದ ಪಾಲಿನವರಿಗೆ ವಿಡಿಯೊ ಹೋಗುವುದಿಲ್ಲ, ಖರ್ಚೂ ಸಮನಾಗಿ ನಡೆಯುತ್ತದೆ. ಮನೆಯಿಂದ 4 ಕಿಲೋಮೀಟರ್ ಸುತ್ತಳತೆ, 33ರಿಂದ 50 ವಯಸ್ಸು ಎಂದು ಎರಡಕ್ಕೂ ಕೊಟ್ಟೆವು. ಫೀಸು ಕೊಡುವವರು ಅಪ್ಪ ಅಮ್ಮ ತಾನೇ?

ಇನ್ನೂ ಎರಡು ಕಡೆ ಕೈಯಾಡಿಸಬೇಕಾಯಿತು. ಜಾಗವನ್ನು ಫೇಸ್‌ಬುಕ್‌ನ ಇಷ್ಟಕ್ಕೇ ಬಿಟ್ಟರೆ ವಿಡಿಯೊ ಹೆಚ್ಚಾಗಿ ರೀಲ್ಸ್‌ಗೆ, ಚಿತ್ರ ಹೆಚ್ಚಾಗಿ ಫೀಡ್‌ಗೆ ಹೋಗಿ, ಹೋಲಿಕೆಯೇ ಕೆಡಬಹುದು. ಅದಕ್ಕೆ ಎರಡನ್ನೂ ಫೀಡ್‌ಗೆ ಮಾತ್ರ ಕಟ್ಟಿಹಾಕಿದೆವು. ಎರಡನೆಯದು Advantage+ creative ಎಂಬ ಸೌಲಭ್ಯ. ಆನ್ ಇದ್ದರೆ ಅದು ಚಿತ್ರಕ್ಕೆ ತಾನೇ ಸಂಗೀತ ಸೇರಿಸಬಹುದು, ಅಲುಗಾಡುವಂತೆಯೂ ಮಾಡಬಹುದು. ಚಿತ್ರವೇ ಅರೆ ವಿಡಿಯೊ ಆದಮೇಲೆ ನಾವು ಹೋಲಿಸುವುದು ಏನನ್ನು? ಆಫ್ ಮಾಡಿದೆವು.

ಏನನ್ನು ಎಣಿಸಬೇಕು ಎಂಬುದನ್ನೂ ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ವಿಡಿಯೊ ಎಷ್ಟು ಜನ ನೋಡಿದರು ಎಂಬ ಸಂಖ್ಯೆ ಯಾವಾಗಲೂ ದೊಡ್ಡದಾಗಿರುತ್ತದೆ. ಹೆಬ್ಬೆರಳು ಮೂರು ಸೆಕೆಂಡು ತಡೆದರೂ ಅದೊಂದು ನೋಟವಾಗಿ ಲೆಕ್ಕಕ್ಕೆ ಸೇರುತ್ತದೆ. ಚಿತ್ರಕ್ಕೆ ಅಂಥ ಸಂಖ್ಯೆಯೇ ಇಲ್ಲ. ಆದ್ದರಿಂದ ಜಾಹೀರಾತು ಒತ್ತಿದರೆ ವಾಟ್ಸ್ಆ್ಯಪ್ ತೆರೆಯುವಂತೆ ಮಾಡಿದೆವು. ಅಲ್ಲಿ ಮೊದಲೇ ಬರೆದಿಟ್ಟ ಪ್ರಶ್ನೆ ಚಿತ್ರದಿಂದ ಬಂದವರಿಗೆ "ಗಣಿತದ ಬ್ಯಾಚ್ ಯಾವ ಸಮಯ?", ವಿಡಿಯೊದಿಂದ ಬಂದವರಿಗೆ "ಗಣಿತದ ಬ್ಯಾಚ್ ಎಷ್ಟು ಹೊತ್ತಿಗೆ?" ಎಂದು. ಓದುವವರಿಗೆ ಎರಡೂ ಒಂದೇ. ತಂಗಿಗೆ ಮಾತ್ರ ಯಾರು ಎಲ್ಲಿಂದ ಬಂದರೆಂದು ಗೊತ್ತಾಗುತ್ತಿತ್ತು. ಪ್ರತಿ ಹೆಸರಿಗೂ ವಾಟ್ಸ್ಆ್ಯಪ್ ಬ್ಯುಸಿನೆಸ್‌ನ ಬಣ್ಣದ ಲೇಬಲ್ ಹಚ್ಚುತ್ತ ಹೋದಳು. ಅವರು ಮನೆಗೆ ಬಂದು ಹೋದರೇ ಎಂಬುದನ್ನೂ ಅದರಲ್ಲೇ ಗುರುತು ಹಾಕಿಕೊಂಡಳು.

ಮೊದಲ ವಾರ ಮುಗಿಯಿತು. ಎರಡಕ್ಕೂ ಖರ್ಚು 1,260. ಚಿತ್ರದಿಂದ 19 ವಿಚಾರಣೆ, ವಿಡಿಯೊದಿಂದ 11. ಒಂದು ವಿಚಾರಣೆಗೆ ಬಿದ್ದ ಖರ್ಚು ಅಲ್ಲಿ 66 ರೂಪಾಯಿ, ಇಲ್ಲಿ 115. "ವಿಡಿಯೊ ನಿಲ್ಲಿಸೇಬಿಡ್ಲಾ?" ಎಂದಳು.

ನಿಲ್ಲಿಸಬೇಡ ಅಂದೆ. ನಾಣ್ಯವನ್ನು 30 ಸಲ ಚಿಮ್ಮು, ಸರಿಯಾದ ನಾಣ್ಯವೇ ಆದರೂ 19–11 ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಐದು ಪ್ರಯತ್ನಕ್ಕೆ ಒಂದು ಸಲ ಬಂದೇ ಬರುತ್ತದೆ. ಎರಡೂ ಜಾಹೀರಾತು ಒಂದೇ ಸಮ ಇದ್ದರೂ ಬರೀ ಅದೃಷ್ಟದಿಂದ ಇಷ್ಟು ಅಂತರ ಬೀಳಬಹುದು. ಇದಕ್ಕೊಂದು ಸುಲಭದ ಲೆಕ್ಕವಿದೆ: ಖರ್ಚು ಸಮನಾಗಿದ್ದರೆ ಎರಡರ ಮೊತ್ತದ ವರ್ಗಮೂಲ ತೆಗೆದು ಎರಡರಿಂದ ಗುಣಿಸಬೇಕು. ಅಂತರ ಅದಕ್ಕಿಂತ ದೊಡ್ಡದಿದ್ದರೆ ನಂಬಬಹುದು. 30ರ ವರ್ಗಮೂಲ ಸುಮಾರು 5.5, ಎರಡರಷ್ಟು ಅಂದರೆ 11. ನಮ್ಮ ಅಂತರ 8. ಗಣಿತದ ಮೇಷ್ಟ್ರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಎರಡು ವಾರ ಅಂತ ಮೊದಲೇ ನಿಶ್ಚಯಿಸಿದ್ದಕ್ಕೂ ಇದೇ ಕಾರಣ. ದಿನಾ ನೋಡಿ, ಬೇಕಾದ ಉತ್ತರ ಕಂಡ ದಿನ ನಿಲ್ಲಿಸುವವನು ಸುಳ್ಳು ಗೆಲುವನ್ನು ತಾನಾಗಿ ತಂದುಕೊಳ್ಳುತ್ತಾನೆ.

ಎರಡನೇ ವಾರ 18 ಮತ್ತು 9. ಒಟ್ಟು ಚಿತ್ರಕ್ಕೆ 37, ವಿಡಿಯೊಗೆ 20. ಅಂತರ 17, ಬೇಕಾದದ್ದು 15. ಕೂದಲೆಳೆಯಲ್ಲಿ ದಾಟಿತು. ವಿಚಾರಣೆ ತರುವುದರಲ್ಲಿ ಚಿತ್ರವೇ ಮೇಲು ಎಂದು ಒಪ್ಪಬಹುದಾಗಿತ್ತು.

ಆಮೇಲೆ ಲೇಬಲ್ ಎಣಿಸಿದೆವು. ಚಿತ್ರ ನೋಡಿ ಕೇಳಿದ 37 ಮಂದಿಯಲ್ಲಿ ಮನೆಗೆ ಬಂದವರು 8. ವಿಡಿಯೊ ನೋಡಿ ಕೇಳಿದ 20 ಮಂದಿಯಲ್ಲಿ ಬಂದವರು 9. ಕೊನೆಗೆ ಸೇರಿದ ಮಕ್ಕಳು ಕ್ರಮವಾಗಿ 4 ಮತ್ತು 5. ಚಿತ್ರ ಕಂಡವರು ಫೀಸು ಎಷ್ಟು ಎಂದು ಕೇಳಿ ಸುಮ್ಮನಾಗುತ್ತಿದ್ದರು. ವಿಡಿಯೊದಿಂದ ಬಂದವರು ಅವಳು ಪಾಠ ಹೇಳುವ ರೀತಿಯನ್ನು ಆಗಲೇ ನೋಡಿದ್ದರು, ಬಹುಶಃ ಅದಕ್ಕೇ ಇರಬಹುದು. ಆದರೆ 4ಕ್ಕೂ 5ಕ್ಕೂ ನಡುವೆ ಗೆಲುವು ಹುಡುಕಿದರೆ ನಾಣ್ಯ ಚಿಮ್ಮಿದವನೂ ನಗುತ್ತಾನೆ. ಸೇರ್ಪಡೆಯ ಮೇಲೆ ತೀರ್ಪು ಕೊಡಲು ಬೇಕಾಗುವಷ್ಟು ಮಕ್ಕಳು ಆ ಮಹಡಿಯಲ್ಲಿ ಹಿಡಿಯುವುದೂ ಇಲ್ಲ.

ಇದು ದಾವಣಗೆರೆಯ ಒಂದು ಬಡಾವಣೆಯ, ಫೀಡ್‌ನೊಳಗಿನ, ಮೇ ತಿಂಗಳ ಫಲಿತಾಂಶ. ಪರೀಕ್ಷೆ ಹತ್ತಿರ ಬರುವ ಜನವರಿಯಲ್ಲಿ ಅಥವಾ ರೀಲ್ಸ್‌ನಲ್ಲಿ ಬೇರೆ ಬಂದೀತು. ಮರುವರ್ಷ ತಂಗಿ ವಿಡಿಯೊ ಒಂದನ್ನೇ ಹಾಕಿದಳು. ಸೇರುವ ಮಕ್ಕಳು ಹೆಚ್ಚುಕಡಿಮೆ ಅಷ್ಟೇ ಆದಮೇಲೆ, ರಾತ್ರಿ ಒಂಬತ್ತಕ್ಕೆ ಪಾಠ ಮುಗಿಸಿ 37 ಜನರಿಗೆ ಉತ್ತರಿಸುವ ಬದಲು 20 ಜನರಿಗೆ ಉತ್ತರಿಸಿದರೆ ಸಾಕು ಎಂಬುದು ಅವಳ ಲೆಕ್ಕವಾಗಿತ್ತು.